ಶೇಂಗಾ ಎಂಬ ಪದವೇ ಇಲ್ಲದ ‘ಹಣದ ಬಳಕೆ’ ಪುಟ

ಪ್ರಶ್ನೆ: ಚಳ್ಳಕೆರೆ ಹತ್ತಿರ ನಾವಿಬ್ಬರು ಸೇರಿ ಮರದ ಗಾಣದ ಶೇಂಗಾ ಎಣ್ಣೆಯ ಪ್ರೈವೇಟ್ ಲಿಮಿಟೆಡ್ ಕಂಪನಿ ನಡೆಸುತ್ತಿದ್ದೇವೆ. ಎರಡು ಗಾಣ, ಒಂದೇ ಪಾಳಿ. ತಿಂಗಳಿಗೆ ಸುಮಾರು 2,000 ಲೀಟರ್ ಎಣ್ಣೆಯನ್ನು ದಾವಣಗೆರೆ ಮತ್ತು ಬೆಂಗಳೂರಿನ ಮನೆಗಳಿಗೆ ನೇರವಾಗಿ, ತೆರಿಗೆ ಸೇರಿ ಲೀಟರಿಗೆ ₹300ರಂತೆ ಮಾರುತ್ತೇವೆ. ಈಗ ₹1 ಕೋಟಿ ಹೂಡಿಕೆ ಕೇಳುತ್ತಿದ್ದೇವೆ. ಪ್ರಸ್ತಾವದ ‘ಹಣದ ಬಳಕೆ’ ಪುಟದಲ್ಲಿ ಮಾರ್ಕೆಟಿಂಗ್ ಶೇ 40, ಯಂತ್ರೋಪಕರಣ ಶೇ 30, ಕಾರ್ಯಾಚರಣೆ ಶೇ 20, ಇತರೆ ಶೇ 10 ಎಂದು ವೃತ್ತಚಿತ್ರ ಹಾಕಿದ್ದೇವೆ. ಇಬ್ಬರು ಹೂಡಿಕೆದಾರರು ಆ ಪುಟದಲ್ಲೇ ನಿಂತು, ‘ಈ ಅಂಕಿ ಎಲ್ಲಿಂದ ಬಂತು?’ ಎಂದು ಕೇಳಿ ಸುಮ್ಮನಾದರು. ನಂಬಿಕೆ ಬರುವ ಹಾಗೆ ಅದನ್ನು ಹೇಗೆ ಬರೆಯಬೇಕು? ಕಳೆದ ವರ್ಷ ಜಾಹೀರಾತಿಗೆ ₹3 ಲಕ್ಷ ಹಾಕಿದ್ದೆವು. 600 ಹೊಸ ಮನೆಗಳು ಬಂದವು, ಅದರಲ್ಲಿ 270 ಮನೆಯವರು ಮತ್ತೆ ಮತ್ತೆ ಕೊಳ್ಳುತ್ತಿದ್ದಾರೆ. ಇನ್ನೊಂದು ಮಾತು: ₹6 ಲಕ್ಷ ಕೈಸಾಲವಿದೆ. ಅದನ್ನು ‘ಇತರೆ’ಯಲ್ಲಿ ಸೇರಿಸಿದ್ದೇವೆ.

ಉತ್ತರ: ನಿಮ್ಮ ಪುಟವನ್ನು ಓದಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದರಲ್ಲಿ ಇಲ್ಲದ ಒಂದು ಪದ. ಶೇಂಗಾ ಎಣ್ಣೆ ತೆಗೆಯುವ ಕಂಪನಿಯ ಖರ್ಚಿನ ಪುಟದಲ್ಲಿ ಶೇಂಗಾ ಎಲ್ಲಿಯೂ ಇಲ್ಲ. ಚಳ್ಳಕೆರೆಯಂಥ ಎಣ್ಣೆ ಗಿರಣಿಗಳ ಊರಿನಲ್ಲಿ ಕುಳಿತು ಬರೆದ ಪ್ರಸ್ತಾವದಲ್ಲಿ ಇದು ಬಿಟ್ಟುಹೋಗಿದೆ ಎಂದರೆ, ಬರೆದವರು ತಮ್ಮ ಗೋದಾಮು ನೋಡಿ ಬರೆದಿಲ್ಲ, ಬೇರೆ ಯಾವುದೋ ಕಂಪನಿಯ ಮಾದರಿ ನೋಡಿ ಬರೆದಿದ್ದಾರೆ ಎಂದೇ ಹೂಡಿಕೆದಾರರು ತಿಳಿಯುತ್ತಾರೆ. 40, 30, 20, 10 ಎಂಬ ಗುಂಡು ಅಂಕಿಗಳು ಆ ಅನುಮಾನವನ್ನು ಗಟ್ಟಿ ಮಾಡುತ್ತವೆ. ಮೊದಲು ₹1 ಕೋಟಿ ಎಂದು ತೀರ್ಮಾನಿಸಿ ಆಮೇಲೆ ಅದನ್ನು ಹಂಚಿದ್ದೀರಿ ಎಂಬುದು ಆ ಅಂಕಿಗಳಲ್ಲೇ ಕಾಣುತ್ತದೆ. ನಡೆಯಬೇಕಾದ್ದು ಇದಕ್ಕೆ ಉಲ್ಟಾ. ಖರ್ಚುಗಳನ್ನು ಒಂದೊಂದಾಗಿ ಕೂಡಿಸುತ್ತಾ ಹೋಗಿ, ಕೊನೆಗೆ ಬಂದ ಮೊತ್ತವನ್ನು ಕೇಳಬೇಕು.

ಶೇಕಡಾ ಲೆಕ್ಕದ ಇನ್ನೊಂದು ಅಪಾಯವೆಂದರೆ, ಸಾಲುಗಳ ನಡುವಿನ ಜಗಳ ಅದರಲ್ಲಿ ಮುಚ್ಚಿಹೋಗುತ್ತದೆ. ನಿಮ್ಮದೇ ಅಂಕಿ ಹಿಡಿದು ನೋಡೋಣ. ₹3 ಲಕ್ಷಕ್ಕೆ 600 ಮನೆ ಬಂದವು ಎಂದರೆ ಒಂದು ಮನೆಗೆ ₹500. ಆ ಲೆಕ್ಕದಲ್ಲಿ ಮಾರ್ಕೆಟಿಂಗ್‌ಗೆ ಇಟ್ಟಿರುವ ₹40 ಲಕ್ಷಕ್ಕೆ 8,000 ಮನೆಗಳು ಬರಬೇಕು. ನೂರಕ್ಕೆ 45 ಮನೆ ಉಳಿದರೆ 3,600 ಮನೆ. ಒಂದು ಮನೆಗೆ ತಿಂಗಳಿಗೆ ಎರಡೂವರೆ ಲೀಟರ್ ಎಂದರೆ 9,000 ಲೀಟರ್, ಈಗಿನದು ಸೇರಿ 11,000 ಲೀಟರ್. ಅಷ್ಟು ಎಣ್ಣೆಗೆ ಪ್ರತಿ ತಿಂಗಳು ₹25 ಲಕ್ಷಕ್ಕಿಂತ ಹೆಚ್ಚಿನ ಶೇಂಗಾ ಬೇಕು. ಪುಟದಲ್ಲಿ ಅದಕ್ಕೆ ಇಟ್ಟಿರುವುದು ಸೊನ್ನೆ. ಜಾಹೀರಾತು ಗೆದ್ದ ದಿನವೇ ನಿಮ್ಮ ಗೋದಾಮು ಖಾಲಿ. ಮೇಜಿನ ಆಚೆ ಕುಳಿತವರು ಇಷ್ಟು ಗುಣಾಕಾರವನ್ನು ಮನಸ್ಸಿನಲ್ಲೇ ಮಾಡಬಲ್ಲರು. ಅವರು ಸುಮ್ಮನಾದದ್ದು ಇದಕ್ಕೇ ಎಂದು ನನಗೆ ಅನಿಸುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಈ ಹಣ ಮುಗಿಯುವ ಹೊತ್ತಿಗೆ ಕಂಪನಿ ಯಾವ ಸ್ಥಿತಿಯಲ್ಲಿರಬೇಕು ಎಂಬ ಒಂದೇ ವಾಕ್ಯದಿಂದ. ನಿಮ್ಮ ವ್ಯವಹಾರಕ್ಕೆ ನಾನು ಬರೆಯುವ ವಾಕ್ಯ ಇದು: ‘ಹದಿನೆಂಟು ತಿಂಗಳಲ್ಲಿ ಮಾರಾಟ ತಿಂಗಳಿಗೆ 6,000 ಲೀಟರ್ ತಲುಪುತ್ತದೆ, ಆಗ ಕಂಪನಿಯ ಮಾಸಿಕ ಖರ್ಚೆಲ್ಲ ಎಣ್ಣೆಯ ಮಾರಾಟದಿಂದಲೇ ಹುಟ್ಟುತ್ತದೆ.’ 6,000 ಎಂಬುದನ್ನು ನಾನು ಗಾಳಿಯಲ್ಲಿ ಹಿಡಿದಿಲ್ಲ. ಅದು ಹೇಗೆ ಬಂತು ಎಂಬುದನ್ನು ಒಂದು ಲೀಟರಿನಿಂದ ತೋರಿಸುತ್ತೇನೆ. ನಾನು ಹಿಡಿದಿರುವ ದರಗಳ ಜಾಗದಲ್ಲಿ ನಿಮ್ಮ ಖಾತೆಯ ದರಗಳನ್ನು ಹಾಕಿಕೊಳ್ಳಿ.

ಒಂದು ಕ್ವಿಂಟಲ್ ಸಿಪ್ಪೆ ಶೇಂಗಾ ಸುಲಿದರೆ ಸುಮಾರು 68 ಕಿಲೋ ಬೀಜ. ಮರದ ಗಾಣದಲ್ಲಿ ಬೀಜದ ತೂಕದ ಶೇ 40ರಷ್ಟು ಎಣ್ಣೆ ಎಂದರೆ 27 ಕಿಲೋ, ಅಂದರೆ ಹತ್ತಿರ ಹತ್ತಿರ 30 ಲೀಟರ್. ಕ್ವಿಂಟಲ್‌ಗೆ ₹7,000 ಕೊಟ್ಟು ಕೊಂಡು, ಹಿಂಡಿ ಮಾರಿದ ₹1,600 ಕಳೆದರೆ, ಒಂದು ಲೀಟರಿಗೆ ಬೀಜದ ಖರ್ಚು ₹180. ಕೂಲಿ, ವಿದ್ಯುತ್, ಡಬ್ಬಿ ₹30. ಸಾಗಣೆ ₹20. ನಿಮ್ಮ ₹300ರಲ್ಲಿ ಶೇ 5 ಜಿಎಸ್‌ಟಿ ತೆಗೆದರೆ ಕೈಗೆ ಬರುವುದು ಸುಮಾರು ₹285. ಉಳಿಯುವುದು ₹55. ಈಗಿನ 2,000 ಲೀಟರಿಗೆ ತಿಂಗಳಿಗೆ ₹1.10 ಲಕ್ಷ. ನಿಮ್ಮ ಬಾಡಿಗೆ, ಕಚೇರಿ, ಹಳೆಯ ಕಂತು ಇವುಗಳಿಗೆ ಅದು ಸರಿಹೋಗುತ್ತಿರಬಹುದು. ನಿಮಗಿಬ್ಬರಿಗೆ ಸಂಬಳ, ಮಾರಾಟ ನೋಡಿಕೊಳ್ಳಲು ಒಬ್ಬರು, ಗುಣಮಟ್ಟ ನೋಡಿಕೊಳ್ಳಲು ಒಬ್ಬರು, ಬಿಟ್ಟುಹೋಗುವ ಗಿರಾಕಿಗಳ ಜಾಗ ತುಂಬಲು ಒಂದಿಷ್ಟು ಜಾಹೀರಾತು ಸೇರಿದರೆ ಮಾಸಿಕ ಖರ್ಚು ₹2.85 ಲಕ್ಷದ ಹತ್ತಿರ ಬರುತ್ತದೆ. 6,000 ಲೀಟರಿಗೆ ಉಳಿಯುವುದು ₹3.30 ಲಕ್ಷ. ಅಲ್ಲಿಗೆ ಕಂಪನಿ ತನ್ನ ಕಾಲ ಮೇಲೆ ನಿಂತಂತೆ. ಗುರಿ ಹೀಗೆ ಹುಟ್ಟಬೇಕು. ಪುಟದ ಮೇಲ್ಭಾಗದಲ್ಲಿ ಈ ₹55ರ ಲೆಕ್ಕವನ್ನು ಮೂರು ಸಾಲಿನಲ್ಲಿ ಬರೆಯಿರಿ. ಕೆಳಗಿನ ಪ್ರತಿಯೊಂದು ಸಾಲೂ ಅದಕ್ಕೆ ಕಟ್ಟಿಕೊಂಡಿರಲಿ.

ಈಗ ಶೇಂಗಾಕ್ಕೆ ಬರೋಣ. ನಿಮ್ಮ ವ್ಯವಹಾರದಲ್ಲಿ ಹಣ ನಿಜವಾಗಿ ಸಿಕ್ಕಿಹಾಕಿಕೊಳ್ಳುವ ಜಾಗ ಇದೇ. ಆದ್ದರಿಂದ ಹೂಡಿಕೆದಾರರಿಗೆ ನೀವು ಕಸುಬು ಬಲ್ಲವರು ಎಂದು ತೋರಿಸಿಕೊಡಬಹುದಾದ ಜಾಗವೂ ಇದೇ. ನಮ್ಮ ಮಳೆಯಾಶ್ರಿತ ಮುಂಗಾರು ಶೇಂಗಾ ಮಾರುಕಟ್ಟೆಗೆ ಬರುವುದು ಹೆಚ್ಚಾಗಿ ಅಕ್ಟೋಬರಿನಿಂದ ಡಿಸೆಂಬರ್ ಒಳಗೆ. ಎಪಿಎಂಸಿ ಅಂಗಳದಲ್ಲಿ ಚೀಲಗಳು ತುಂಬಿರುವಾಗ ಆಯ್ದು ಕೊಳ್ಳಬಹುದು, ದರವೂ ಸಾಮಾನ್ಯವಾಗಿ ತಗ್ಗಿರುತ್ತದೆ. ಆವಕ ನಿಂತ ಮೇಲೆ ವರ್ತಕರ ಗೋದಾಮಿನಿಂದ ಅವರು ಹೇಳಿದ ದರಕ್ಕೆ ತರಬೇಕು. ಮನೆಗಳಿಗೆ ಮಾರುವ ಎಣ್ಣೆಯ ಬೆಲೆಯನ್ನು ನೀವು ತಿಂಗಳಿಗೊಮ್ಮೆ ಏರಿಸಲಾಗದು. ಕ್ವಿಂಟಲ್ ಮೇಲೆ ₹1,000 ಹೆಚ್ಚು ಕೊಟ್ಟರೆ ಲೀಟರಿಗೆ ₹33 ಹೋಗುತ್ತದೆ. ₹55ರಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಕರಗಿತು. ಆದ್ದರಿಂದ ಸುಗ್ಗಿಯಲ್ಲಿ ಮುಂದಿನ ನಾಲ್ಕು ತಿಂಗಳಿಗಾಗುವಷ್ಟು ಕೊಂಡಿಡುವುದು ಈ ಕಸುಬಿನ ಪ್ರಾಣ.

ಮೊದಲ ಸುಗ್ಗಿಯಲ್ಲಿ, ಜನವರಿಯಿಂದ ಏಪ್ರಿಲ್‌ವರೆಗೆ ತಿಂಗಳಿಗೆ ಸರಾಸರಿ 3,500 ಲೀಟರ್ ಮಾರುತ್ತೀರಿ ಎಂದುಕೊಂಡರೆ, 14,000 ಲೀಟರಿಗೆ ಸುಮಾರು 467 ಕ್ವಿಂಟಲ್ ಬೇಕು, ಬೆಲೆ ಹತ್ತಿರ ಹತ್ತಿರ ₹33 ಲಕ್ಷ. ಎರಡನೆಯ ಸುಗ್ಗಿಯ ಹೊತ್ತಿಗೆ 6,000 ಲೀಟರ್ ಲೆಕ್ಕದಲ್ಲಿ 800 ಕ್ವಿಂಟಲ್, ₹56 ಲಕ್ಷ. ಈ ಹಣವನ್ನೆಲ್ಲ ಷೇರು ಮಾರಿ ತರಬೇಡಿ. ದಾಸ್ತಾನು ನಾಲ್ಕು ತಿಂಗಳಲ್ಲಿ ಎಣ್ಣೆಯಾಗಿ, ಮತ್ತೆ ಹಣವಾಗಿ ಬರುವ ವಸ್ತು. ಅದಕ್ಕೆ ಬ್ಯಾಂಕ್ ಸಾಲ ಕೊಡುತ್ತದೆ. ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿತವಾದ ಗೋದಾಮಿನಲ್ಲಿಟ್ಟರೆ ಅಲ್ಲಿ ಸಿಗುವ ಎಲೆಕ್ಟ್ರಾನಿಕ್ ಉಗ್ರಾಣ ರಸೀದಿಯನ್ನು ಅಡವಿಟ್ಟು ಸಾಲ ಪಡೆಯಬಹುದು. ನಿಮ್ಮದೇ ಗೋದಾಮಿನಲ್ಲಿಟ್ಟರೆ ಕ್ಯಾಶ್ ಕ್ರೆಡಿಟ್ ಖಾತೆ ತೆರೆದು, ಪ್ರತಿ ತಿಂಗಳು ದಾಸ್ತಾನಿನ ವಿವರ ಸಲ್ಲಿಸುತ್ತಾ ಹೋಗಬೇಕು. ಯಾವ ದಾರಿಯಲ್ಲೂ ಬ್ಯಾಂಕ್ ಪೂರ್ತಿ ಬೆಲೆ ಕೊಡುವುದಿಲ್ಲ, ನಿಮ್ಮ ಪಾಲು ಎಂದು ಒಂದಿಷ್ಟು ಹಾಕಲೇಬೇಕು. ಆ ಪಾಲು ಶೇ 30 ಎಂದು ಹಿಡಿದರೆ ಮೊದಲ ಸುಗ್ಗಿಗೆ ಸುಮಾರು ₹10 ಲಕ್ಷ. ಎರಡನೆಯದಕ್ಕೆ ₹17 ಲಕ್ಷ ಬೇಕು, ಆದರೆ ಮೊದಲಿನ ₹10 ಲಕ್ಷ ಎಣ್ಣೆ ಮಾರಿ ವಾಪಸ್ ಬಂದಿರುತ್ತದೆ. ಹೊಸದಾಗಿ ಸೇರಬೇಕಾದ್ದು ₹7 ಲಕ್ಷ. ಹೀಗಾಗಿ ಹೂಡಿಕೆಯಿಂದ ಶೇಂಗಾಕ್ಕೆ ಒಟ್ಟು ₹17 ಲಕ್ಷ.

‘ನಿಮ್ಮ ₹17 ಲಕ್ಷದ ಜೊತೆ ಬ್ಯಾಂಕಿನ ₹39 ಲಕ್ಷ ಸೇರಿ ₹56 ಲಕ್ಷದ ದಾಸ್ತಾನು ನಿಲ್ಲುತ್ತದೆ’ ಎಂಬ ಸಾಲನ್ನು ಹೂಡಿಕೆದಾರರು ಎರಡು ಸಲ ಓದುತ್ತಾರೆ. ತಮ್ಮ ಹಣ ಎಲ್ಲಿ ಬೇಕೋ ಅಲ್ಲಿ ಮಾತ್ರ ಹೋಗುತ್ತಿದೆ, ಅಗ್ಗದ ಹಣ ಸಿಗುವ ಕಡೆ ಇವರು ಅಗ್ಗದ ಹಣವನ್ನೇ ತರುತ್ತಾರೆ ಎಂಬುದು ಅದರಲ್ಲಿ ಕಾಣುತ್ತದೆ. ಆದರೆ ಬ್ಯಾಂಕಿನ ಶಾಖೆಗೆ ಹೋಗಿ ಮಾತಾಡದೆ ಈ ಸಾಲು ಬರೆಯಬೇಡಿ. ಪೂರ್ವ ಒಪ್ಪಿಗೆಯ ಪತ್ರ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ‘ಮಾತುಕತೆ ನಡೆದಿದೆ’ ಎಂದಷ್ಟೇ ಬರೆಯಿರಿ. ದರ ಏರಿದರೆ ಏನು ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇಂದ್ರ ಸರ್ಕಾರ 2025–26ರ ಮುಂಗಾರಿಗೆ ಶೇಂಗಾಕ್ಕೆ ಘೋಷಿಸಿದ ಬೆಂಬಲ ಬೆಲೆಯೇ ಕ್ವಿಂಟಲ್‌ಗೆ ₹7,263. ಆದ್ದರಿಂದ ನಾನು ಹಿಡಿದ ₹7,000 ಸ್ವಲ್ಪ ಆಶಾವಾದಿ ಎನ್ನುವವರಿಗೆ ಉತ್ತರ ಸಿದ್ಧವಿರಬೇಕು. ಆ ಉತ್ತರ ಆಪದ್ಧನದ ಸಾಲಿನಲ್ಲಿದೆ, ಅಲ್ಲಿಗೆ ಬರುತ್ತೇನೆ.

ಯಂತ್ರದ ₹30 ಲಕ್ಷದ ಬಗ್ಗೆ ನನ್ನ ತಕರಾರು ಬೇರೆ. ಒಂದು ಗಾಣದಿಂದ ಪಾಳಿಗೆ 60 ಲೀಟರ್ ಎಂದರೆ ಎರಡು ಗಾಣಕ್ಕೆ ತಿಂಗಳ 26 ದಿನದಲ್ಲಿ 3,120 ಲೀಟರ್ ಆಗುತ್ತದೆ. ನೀವು ಮಾರುತ್ತಿರುವುದು 2,000. ಮೂರರಲ್ಲಿ ಒಂದು ಪಾಲು ಸಾಮರ್ಥ್ಯ ಸುಮ್ಮನೆ ಕುಳಿತಿರುವಾಗ ಮೊದಲ ದಿನವೇ ಹೊಸ ಗಾಣ ಏಕೆ ಎಂದು ಯಾರಾದರೂ ಕೇಳಬಹುದು. ಮಾರಾಟ 2,800 ಲೀಟರ್ ದಾಟಿದ ಮೇಲೆ ಇನ್ನೆರಡು ಗಾಣ ಎಂದು ಬರೆಯಿರಿ. ಆಗ ಯಂತ್ರದ ಸಾಲಿಗೆ ಒಂದು ಕಾರಣವೂ ಒಂದು ತಿಂಗಳೂ ಸಿಗುತ್ತವೆ. ಎರಡು ಗಾಣ, ಸುಲಿಯುವ ಮತ್ತು ಬೀಜ ವಿಂಗಡಿಸುವ ಯಂತ್ರ, ಸೋಸುವ ಯಂತ್ರ, ತುಂಬಿಸುವ ಯಂತ್ರ, ಸ್ಟೀಲ್ ಟ್ಯಾಂಕ್, ವೈರಿಂಗ್ ಎಲ್ಲ ಸೇರಿ ₹16 ಲಕ್ಷ ಎಂದುಕೊಳ್ಳೋಣ. ಪ್ರತಿಯೊಂದಕ್ಕೂ ಮಾರಾಟಗಾರರ ಕೊಟೇಷನ್ ತರಿಸಿ, ಅದರ ದಿನಾಂಕವನ್ನು ಪುಟದಲ್ಲೇ ನಮೂದಿಸಿ.

ಇಲ್ಲಿ ಬಹಳ ಜನ ಎಡವುವ ಒಂದು ಕಲ್ಲಿದೆ. ಕೊಟೇಷನ್ನಿನ ₹16 ಲಕ್ಷದ ಮೇಲೆ ಶೇ 18 ಜಿಎಸ್‌ಟಿ ಸೇರಿದರೆ ಕೊಡಬೇಕಾದ್ದು ₹18.88 ಲಕ್ಷ. ‘ಅದು ಹೂಡುವಳಿ ತೆರಿಗೆ ಜಮೆಯಾಗಿ ವಾಪಸ್ ಬರುತ್ತದೆ’ ಎಂದು ಲೆಕ್ಕದಿಂದ ಬಿಟ್ಟುಬಿಡುತ್ತಾರೆ. ಎಣ್ಣೆಯವರಿಗೆ ಅದು ಅಷ್ಟು ಸುಲಭವಲ್ಲ. ನೀವು ಮಾರುವ ಎಣ್ಣೆಯ ಮೇಲೆ ತೆರಿಗೆ ಶೇ 5, ಡಬ್ಬಿ, ಜಾಹೀರಾತು, ಯಂತ್ರದ ಮೇಲೆ ಕೊಡುವ ತೆರಿಗೆ ಶೇ 18. ಜಮೆ ಪ್ರತಿ ತಿಂಗಳು ಸ್ವಲ್ಪ ಸ್ವಲ್ಪ ಸವೆಯುತ್ತದೆ. ಹೀಗೆ ತಲೆಕೆಳಗಾದ ತೆರಿಗೆ ದರದ ಕಾರಣಕ್ಕೆ ಉಳಿದ ಜಮೆಯನ್ನು ನಗದಾಗಿ ಹಿಂಪಡೆಯುವ ಅವಕಾಶ ಖಾದ್ಯ ತೈಲಕ್ಕೆ 2022ರ ಜುಲೈ 18ರಿಂದ ಇಲ್ಲ. ಯಂತ್ರದ ಮೇಲಿನ ತೆರಿಗೆಗಂತೂ ಆ ಸೌಲಭ್ಯ ಮೊದಲೂ ಇರಲಿಲ್ಲ. ಆದ್ದರಿಂದ ₹2.88 ಲಕ್ಷವನ್ನು ಈ ಹದಿನೆಂಟು ತಿಂಗಳ ಮಟ್ಟಿಗೆ ಖರ್ಚೆಂದೇ ತೋರಿಸಿ. ಕಾರಣವನ್ನು ಅಡಿಟಿಪ್ಪಣಿಯಾಗಿ ಒಂದು ಸಾಲಿನಲ್ಲಿ ಬರೆದರೆ, ಲೆಕ್ಕಪರಿಶೋಧಕರನ್ನು ಕರೆತರುವ ಹೂಡಿಕೆದಾರರು ಅಲ್ಲೇ ನಿಮ್ಮ ಮೇಲೆ ವಿಶ್ವಾಸವಿಡುತ್ತಾರೆ.

ಸಬ್ಸಿಡಿಯ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ಕಿರು ಆಹಾರ ಸಂಸ್ಕರಣಾ ಘಟಕಗಳ ಪಿಎಂಎಫ್‌ಎಂಇ ಯೋಜನೆಯಲ್ಲಿ ಅರ್ಹ ಯೋಜನಾ ವೆಚ್ಚದ ಶೇ 35ರಷ್ಟು, ಗರಿಷ್ಠ ₹10 ಲಕ್ಷ ಎಂದಿದೆ. ಆದರೆ ಅದು ಬ್ಯಾಂಕ್ ಸಾಲಕ್ಕೆ ಜೋಡಿಸಿದ ಸಹಾಯಧನ. ಹಣ ನಿಮ್ಮ ಕೈಗೆ ಬರುವುದಿಲ್ಲ, ಬ್ಯಾಂಕಿನಲ್ಲೇ ಉಳಿದು ಮೂರು ವರ್ಷದ ನಂತರ ಸಾಲಕ್ಕೆ ಹೊಂದಾಣಿಕೆಯಾಗುತ್ತದೆ. ಮಂಜೂರಾತಿ ಪತ್ರ ಕೈಯಲ್ಲಿದ್ದರೂ ಅದನ್ನು ಈ ಪುಟದ ಜಮೆ ಬದಿಗೆ ಹಾಕಬೇಡಿ.

ಮಾರ್ಕೆಟಿಂಗ್ ಸಾಲಿನಲ್ಲಿ ನಿಮಗೆ ಎಲ್ಲಕ್ಕಿಂತ ಗಟ್ಟಿ ಸಾಕ್ಷ್ಯವಿದೆ. ಅದನ್ನು ನನಗೆ ಪತ್ರದಲ್ಲಿ ಬರೆದಿರಿ, ಪ್ರಸ್ತಾವದಲ್ಲಿ ಬರೆಯಲಿಲ್ಲ. 600 ಮನೆ ಬಂದು 270 ಉಳಿದವು ಎಂಬುದೇ ಆ ಸಾಕ್ಷ್ಯ. ಬಂದ ಮನೆಗೆ ₹500, ಆದರೆ ಉಳಿದ ಮನೆಗೆ ₹1,111. ಹೂಡಿಕೆದಾರರಿಗೆ ಎರಡನೆಯ ಅಂಕಿಯನ್ನು ಹೇಳಿ, ಮೊದಲನೆಯದು ಕೇಳಲು ಎಷ್ಟೇ ಚೆನ್ನಾಗಿರಲಿ. ಎರಡೂವರೆ ಲೀಟರ್ ಕೊಳ್ಳುವ ಮನೆ ತಿಂಗಳಿಗೆ ಸುಮಾರು ₹137 ಉಳಿಸಿಕೊಡುತ್ತದೆ, ಆದ್ದರಿಂದ ₹1,111 ವಾಪಸ್ ಬರಲು ಎಂಟು ತಿಂಗಳು. 2,000ದಿಂದ 6,000 ಲೀಟರಿಗೆ ಏರಲು 1,600 ಉಳಿಯುವ ಮನೆಗಳು ಬೇಕು, ಅಂದರೆ ₹17.8 ಲಕ್ಷ. ಹದಿನೆಂಟು ತಿಂಗಳಲ್ಲಿ ಉಳಿದವರಲ್ಲೂ ಕೆಲವರು ಊರು ಬದಲಿಸುತ್ತಾರೆ, ಕೆಲವರು ಬೇರೆ ಎಣ್ಣೆಗೆ ಹೋಗುತ್ತಾರೆ. ಅವರ ಜಾಗ ತುಂಬಲು ಇನ್ನಷ್ಟು ಸೇರಿಸಿ ₹22 ಲಕ್ಷ. ಪುಟದಲ್ಲಿ ಆ ಸಾಲು ಹೀಗಿರಲಿ:

> ಹೊಸ ಗಿರಾಕಿಗಳು: ₹22 ಲಕ್ಷ, ಹದಿನೆಂಟು ತಿಂಗಳಲ್ಲಿ. ಕಳೆದ ವರ್ಷದ ಅನುಭವದಂತೆ ಉಳಿಯುವ ಒಂದು ಮನೆಗೆ ₹1,111. ಗುರಿ 1,600 ಮನೆ, ತಿಂಗಳಿಗೆ 4,000 ಲೀಟರ್ ಹೆಚ್ಚುವರಿ ಮಾರಾಟ. ಯಾವುದೇ ಮೂರು ತಿಂಗಳು ಸತತವಾಗಿ ಈ ದರ ₹1,500 ದಾಟಿದರೆ ಜಾಹೀರಾತನ್ನು ಅರ್ಧಕ್ಕೆ ಇಳಿಸಿ ಕಾರಣ ಹುಡುಕುತ್ತೇವೆ.

ಕೊನೆಯ ವಾಕ್ಯವನ್ನು ಬಿಡಬೇಡಿ. ಹಣ ಯಾವಾಗ ಖರ್ಚು ಮಾಡುವುದಿಲ್ಲ ಎಂದು ಮೊದಲೇ ಬರೆದಿಟ್ಟವರನ್ನು ನಾನು ನೋಡಿರುವುದು ಕಡಿಮೆ. ಹೂಡಿಕೆದಾರರೂ ಕಡಿಮೆಯೇ ನೋಡಿರುತ್ತಾರೆ. ಇದರಲ್ಲಿ ಒಂದು ಮಿತಿಯೂ ಇದೆ: ಮೊದಲ 600 ಮನೆಗಳು ನಿಮ್ಮ ಪರಿಚಯದ ಬಳಗದಿಂದ ಬಂದಿದ್ದರೆ ₹500 ಎಂಬ ದರ ಮುಂದೆ ನಿಲ್ಲುವುದಿಲ್ಲ. ಪಟ್ಟಿ ತೆಗೆದು, ಪರಿಚಯದವರನ್ನು ಬಿಟ್ಟು ಮತ್ತೊಮ್ಮೆ ಭಾಗಿಸಿ. ಆ ಅಂಕಿ ಕೆಟ್ಟದಾಗಿ ಬಂದರೂ ಅದನ್ನೇ ಹಾಕಿ.

ಸಂಬಳಕ್ಕೆ ಹೆಚ್ಚು ಮಾತು ಬೇಡ. ನಿಮ್ಮಿಬ್ಬರಿಗೆ ತಲಾ ₹30,000, ಮಾರಾಟದವರಿಗೆ ನಾಲ್ಕನೆಯ ತಿಂಗಳಿನಿಂದ ₹40,000, ಗುಣಮಟ್ಟದವರಿಗೆ ₹25,000 ಎಂದರೆ ಒಟ್ಟು ₹21.3 ಲಕ್ಷ. ‘ಕಾರ್ಯಾಚರಣೆ’ ಎಂಬ ಒಂದು ಪದದಡಿ ಇದನ್ನು ಮುಚ್ಚಬೇಡಿ. ಸ್ಥಾಪಕರು ಎಷ್ಟು ತೆಗೆದುಕೊಳ್ಳುತ್ತಾರೆ ಎಂಬುದು ಮೊದಲು ಹುಡುಕುವ ಅಂಕಿ. ಎಣ್ಣೆಯ ಪರೀಕ್ಷೆ, ಪರವಾನಗಿ, ಲೆಕ್ಕಪರಿಶೋಧನೆ, ಒಪ್ಪಂದದ ವಕೀಲರು ಇವುಗಳಿಗೆ ₹3 ಲಕ್ಷ.

ಈಗ ‘ಇತರೆ’. ಆ ಪದವನ್ನೇ ಪುಟದಿಂದ ತೆಗೆದುಹಾಕಿ. ಅದರ ಜಾಗದಲ್ಲಿ ‘ಆಪದ್ಧನ ₹8 ಲಕ್ಷ’ ಎಂದು ಬರೆದು, ಯಾವ ಆಪತ್ತಿಗೆ ಎಷ್ಟು ಎಂದು ತೋರಿಸಿ. ಶೇಂಗಾ ₹7,000ದಿಂದ ₹8,500ಕ್ಕೆ ಹೋದರೆ 800 ಕ್ವಿಂಟಲ್‌ಗೆ ಹೆಚ್ಚು ಬೇಕಾಗುವ ₹12 ಲಕ್ಷದಲ್ಲಿ ನಿಮ್ಮ ಪಾಲು ₹3.6 ಲಕ್ಷ. ಮಾರಾಟ ಮೂರು ತಿಂಗಳು ತಡವಾದರೆ ಸಂಬಳಕ್ಕೆ ₹3.75 ಲಕ್ಷ. ಎರಡೂ ಸೇರಿ ₹7.35 ಲಕ್ಷ, ಉಳಿದದ್ದು ಚಿಲ್ಲರೆ ವ್ಯತ್ಯಾಸಕ್ಕೆ. ದರ ಏರಿದಾಗ ಲೀಟರಿನ ಲಾಭವೂ ಕುಗ್ಗುತ್ತದೆ ಎಂಬುದನ್ನು ಆಪದ್ಧನ ಸರಿಪಡಿಸಲಾರದು. ಅದಕ್ಕೆ ಉತ್ತರ ಎಣ್ಣೆಯ ಬೆಲೆ ಏರಿಸುವುದು ಅಥವಾ ಮಾರಾಟದ ವೇಗ ತಗ್ಗಿಸುವುದು. ಕೇಳಿದರೆ ಹಾಗೆಯೇ ಹೇಳಿ.

ಕೈಸಾಲದ ₹6 ಲಕ್ಷದ ಬಗ್ಗೆ ನನ್ನ ಮಾತು ಸ್ವಲ್ಪ ಕಟುವಾಗಿ ಕೇಳಿಸಬಹುದು. ಅದನ್ನು ‘ಇತರೆ’ಯಲ್ಲಿ ಸೇರಿಸಿರುವುದು ಬರೀ ಅಂದದ ತಪ್ಪಲ್ಲ. ಖಾಸಗಿ ಕಂಪನಿ ಹೊರಗಿನವರಿಗೆ ಹೀಗೆ ಷೇರು ಕೊಡುವಾಗ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಪಿಎಎಸ್–4 ಎಂಬ ಪ್ರಸ್ತಾವ ಪತ್ರ ಕೊಡಬೇಕು, ಅದರಲ್ಲಿ ಹಣದ ಉದ್ದೇಶವನ್ನೂ ಬರೆಯಬೇಕು. ಇಂದು ಸ್ಲೈಡಿನಲ್ಲಿ ಬರೆದದ್ದು ನಾಳೆ ನಿಮ್ಮ ಸಹಿಯಿರುವ ದಾಖಲೆಗೆ ಹೋಗುತ್ತದೆ. ಹೂಡಿಕೆದಾರರು ಆರು ತಿಂಗಳ ನಂತರ ಬ್ಯಾಂಕ್ ಪಾಸ್‌ಬುಕ್ ನೋಡಿ, ತಮ್ಮ ಹಣ ಯಾರದೋ ಹಳೆಯ ಸಾಲಕ್ಕೆ ಹೋಗಿದೆ ಎಂದು ಕಂಡುಕೊಂಡರೆ ಅವರ ಜೊತೆಗಿನ ಸಂಬಂಧ ಅಲ್ಲಿಗೆ ಮುಗಿಯಿತು. ಆ ಸಾಲವನ್ನು ಈ ಹೂಡಿಕೆಯಿಂದ ಹೊರಗಿಟ್ಟು, ವ್ಯವಹಾರದ ಉಳಿಕೆಯಿಂದ ನಿಧಾನವಾಗಿ ತೀರಿಸುವುದು ನನ್ನ ಸಲಹೆ. ಬಡ್ಡಿ ತೀರಾ ಹೆಚ್ಚಿದ್ದು ಈಗಲೇ ತೀರಿಸಬೇಕೆಂದಿದ್ದರೆ ‘ಹಳೆಯ ಕೈಸಾಲ ₹6 ಲಕ್ಷ’ ಎಂದು ಪುಟದ ಪ್ರತ್ಯೇಕ ಸಾಲಿನಲ್ಲಿ, ಬಡ್ಡಿ ದರದ ಸಮೇತ ಬರೆಯಿರಿ. ಅದಕ್ಕೆ ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ. ಬಚ್ಚಿಟ್ಟದ್ದಕ್ಕೆ ಯಾರೂ ಒಪ್ಪುವುದಿಲ್ಲ.

ಸಾಲ ಹೊರಗಿಟ್ಟು ಕೂಡಿಸೋಣ: ಯಂತ್ರ 18.9, ಶೇಂಗಾ 17, ಗಿರಾಕಿಗಳು 22, ಸಂಬಳ 21.3, ಪರವಾನಗಿ ಇತ್ಯಾದಿ 3, ಆಪದ್ಧನ 8. ಒಟ್ಟು ಸುಮಾರು ₹90 ಲಕ್ಷ. ಇದರಿಂದ ಕಳೆಯಬೇಕಾದ್ದು ಇನ್ನೊಂದಿದೆ. ಮಾರಾಟ 6,000ಕ್ಕೆ ಏರುತ್ತಾ ಹೋದಂತೆ ಹೆಚ್ಚುವರಿ ಲೀಟರುಗಳಿಂದಲೂ ಹಣ ಬರುತ್ತದೆ. ಏರಿಕೆ ನೇರ ರೇಖೆಯಂತಿದ್ದರೆ ಹದಿನೆಂಟು ತಿಂಗಳಲ್ಲಿ ಅದು ಸುಮಾರು ₹20 ಲಕ್ಷ. ಮಾರಾಟ ಹಾಗೆ ನೇರವಾಗಿ ಏರುವುದು ಅಪರೂಪ, ದಾಸ್ತಾನಿನ ಸಾಲಕ್ಕೆ ಬಡ್ಡಿಯೂ ಇದೆ, ಆದ್ದರಿಂದ ಅರ್ಧ ಮಾತ್ರ ನಂಬಿ ₹10 ಲಕ್ಷ ಕಳೆಯಿರಿ. ಕೇಳಬೇಕಾದ್ದು ₹80 ಲಕ್ಷ. ₹1 ಕೋಟಿಗಿಂತ ಕಡಿಮೆ ಕೇಳುತ್ತೀರಿ, ಅಷ್ಟರ ಮಟ್ಟಿಗೆ ಕಡಿಮೆ ಷೇರು ಬಿಟ್ಟುಕೊಡುತ್ತೀರಿ. ಈ ಅಂಕಿಗೆ ಹಿಂದೆ ಸರಿಯದೆ ಉತ್ತರ ಕೊಡಬಲ್ಲಿರಿ.

ಮೊತ್ತ ಸರಿ ಬಂದರೂ ತಿಂಗಳು ತಪ್ಪಿದರೆ ಎಲ್ಲ ತಪ್ಪಿದಂತೆ. ಒಂದು ಹಾಳೆಯಲ್ಲಿ ಹದಿನೆಂಟು ತಿಂಗಳನ್ನು ಅಡ್ಡಕ್ಕೆ ಬರೆದು, ಪ್ರತಿ ತಿಂಗಳ ಕೊನೆಯಲ್ಲಿ ಬ್ಯಾಂಕಿನಲ್ಲಿ ಉಳಿಯುವ ಶಿಲ್ಕನ್ನು ಲೆಕ್ಕ ಹಾಕಿ. ನಿಮ್ಮ ಶಿಲ್ಕು ತೀರಾ ಕೆಳಗಿಳಿಯುವುದು ಸುಗ್ಗಿಯ ತಿಂಗಳುಗಳಲ್ಲಿ. ಹಣ ಎರಡು ಕಂತಿನಲ್ಲಿ ಬರಲಿ ಎಂದು ನೀವೇ ಮುಂದಾಗಿ ಹೇಳಬಹುದು. ಮೊದಲ ₹40 ಲಕ್ಷದಲ್ಲಿ ಮೊದಲ ಸುಗ್ಗಿಯ ಶೇಂಗಾ, ಆಪದ್ಧನ, ಪರವಾನಗಿ ಮತ್ತು ಆರಂಭದ ತಿಂಗಳುಗಳ ಸಂಬಳ, ಜಾಹೀರಾತು ಇರಲಿ. ಮಾರಾಟ ಸತತ ಎರಡು ತಿಂಗಳು 2,800 ಲೀಟರ್ ದಾಟಿದ ಮೇಲೆ ಉಳಿದ ₹40 ಲಕ್ಷ. ಗಾಣಗಳು ಈ ಎರಡನೆಯ ಕಂತಿನಲ್ಲಿ ಬರುತ್ತವೆ. ಆದರೆ ಮೊದಲ ಸುಗ್ಗಿಯ ಶೇಂಗಾ ಹಣವನ್ನು ಎರಡನೆಯ ಕಂತಿಗೆ ತಳ್ಳಲು ಎಂದೂ ಒಪ್ಪಬೇಡಿ. ಡಿಸೆಂಬರ್ ಕಳೆದ ಮೇಲೆ ಬಂದ ₹10 ಲಕ್ಷ ಅಕ್ಟೋಬರಿನ ₹10 ಲಕ್ಷಕ್ಕೆ ಸಮವಲ್ಲ.

ಹಣ ಖಾತೆಗೆ ಬಿದ್ದ ದಿನವೇ ಖರ್ಚು ಮಾಡಲೂ ಆಗದು. ಷೇರಿನ ಹಣವನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡಬೇಕು, 60 ದಿನದೊಳಗೆ ಷೇರು ಹಂಚಿಕೆ ಮಾಡಬೇಕು, ಹಂಚಿಕೆಯಾದ 15 ದಿನದೊಳಗೆ ಅದರ ವಿವರದ ಪಿಎಎಸ್–3 ನಮೂನೆಯನ್ನು ಕಂಪನಿಗಳ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಹಂಚಿಕೆ ಮುಗಿದು ಈ ನಮೂನೆ ಸಲ್ಲಿಕೆಯಾಗುವವರೆಗೆ ಆ ಹಣವನ್ನು ಮುಟ್ಟುವಂತಿಲ್ಲ. ಅಕ್ಟೋಬರಿನ ಆವಕದಲ್ಲಿ ನಿಲ್ಲಬೇಕಾದರೆ ಸೆಪ್ಟೆಂಬರ್ ಮುಗಿಯುವುದರೊಳಗೆ ಈ ಕಾಗದಪತ್ರ ಮುಗಿದಿರಬೇಕು. ಈ ದಿನಾಂಕವನ್ನು ಪುಟದ ಕೆಳಗೆ ಬರೆಯಿರಿ. ನಿರ್ಧಾರ ಬೇಗ ಕೊಡಿ ಎಂದು ಕೇಳಲು ಅದು ನ್ಯಾಯವಾದ ಕಾರಣ.

ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ: ‘ನಾವು ₹60 ಲಕ್ಷದಷ್ಟೇ ಕೊಟ್ಟರೆ?’ ಆಗ ಎಲ್ಲ ಸಾಲುಗಳಿಂದಲೂ ಸಮನಾಗಿ ಕತ್ತರಿಸಬೇಡಿ. ಹಾಗೆ ಮಾಡಿದರೆ ಬೀಜ ಸಾಕಾಗದ ಗಾಣ, ಎಣ್ಣೆ ಸಿಗದ ಗಿರಾಕಿ ಉಳಿಯುತ್ತಾರೆ. ಗುರಿಯನ್ನೇ 4,500 ಲೀಟರಿಗೆ ಇಳಿಸಿ. ಎರಡರ ಬದಲು ಒಂದೇ ಹೊಸ ಗಾಣ, 1,600ರ ಬದಲು 1,000 ಮನೆ, ಎರಡನೆಯ ಸುಗ್ಗಿಗೆ 600 ಕ್ವಿಂಟಲ್, ಮಾರಾಟದ ಕೆಲಸ ನಿಮ್ಮಿಬ್ಬರಲ್ಲೇ ಒಬ್ಬರದು. ಹೆಚ್ಚುವರಿ ಮಾರಾಟದ ಹಣವೂ ಕಡಿಮೆ ಬರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದರೆ ಬೇಕಾಗುವುದು ಸುಮಾರು ₹62 ಲಕ್ಷ. 4,500 ಲೀಟರಿಗೆ ಉಳಿಯುವ ₹2.47 ಲಕ್ಷದಲ್ಲಿ ಆ ಚಿಕ್ಕ ಕಂಪನಿಯ ಮಾಸಿಕ ಖರ್ಚು ನಡೆಯುತ್ತದೆ. ಈ ಎರಡನೆಯ ಲೆಕ್ಕವನ್ನು ಪ್ರಸ್ತಾವದಲ್ಲಿ ಹಾಕಬೇಡಿ, ಹಾಕಿದರೆ ಅದನ್ನೇ ಕೊಡುತ್ತಾರೆ. ಮುದ್ರಿಸಿ ಚೀಲದಲ್ಲಿಟ್ಟುಕೊಳ್ಳಿ, ಕೇಳಿದಾಗ ತೆಗೆದು ಮೇಜಿನ ಮೇಲಿಡಿ. ಅದರ ಜೊತೆಗೆ ಕೊಟೇಷನ್‌ಗಳು, ಕಳೆದ ಸುಗ್ಗಿಯ ಎಪಿಎಂಸಿ ಚೀಟಿಗಳು, ಜಾಹೀರಾತಿನ ಬಿಲ್ಲುಗಳು, 600 ಮನೆಗಳ ಪಟ್ಟಿ ಒಂದೇ ಕಡತದಲ್ಲಿರಲಿ. ಪುಟದ ಯಾವ ಅಂಕಿಯ ಮೇಲೆ ಬೆರಳಿಟ್ಟರೂ ಅದಕ್ಕೆ ಸಂಬಂಧಿಸಿದ ಕಾಗದ ಆ ಕಡತದಿಂದ ಹೊರಬರಬೇಕು.